ಮಗು ಕೈಗೆ ಬಂದ ದಿನದಿಂದ ರಜೆ: ದತ್ತು ದಂಪತಿಯ ಅರ್ಜಿ ಹೇಗಿರಬೇಕು

ಒಂದು ಮಾದರಿ ಪ್ರಸಂಗ ಇಟ್ಟುಕೊಂಡು ಮಾತಾಡೋಣ. ಹೆಂಡತಿ ರಾಣೆಬೆನ್ನೂರಿನ ಒಂದು ಬೀಜ ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿದ್ದಾರೆ. ಸಂಬಳ ತಿಂಗಳಿಗೆ 28,000 ರೂಪಾಯಿ, ಕಂಪನಿಯಲ್ಲಿ ಅರವತ್ತು ಜನ. ಗಂಡ ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಮೇಲ್ವಿಚಾರಕ, ಸಂಬಳ 19,000. ಮದುವೆಯಾಗಿ ಒಂಬತ್ತು ವರ್ಷ. ಕಾರಾ, ಅಂದರೆ ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರದ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿ ಸರದಿ ಕಾಯುತ್ತಿದ್ದಾರೆ. ಇಬ್ಬರ ಕಂಪನಿಗಳ ನಿಯಮಪುಸ್ತಕದಲ್ಲೂ ಹೆರಿಗೆ ರಜೆಯ ಪ್ರಸ್ತಾಪವಿದೆ. ಹೆಂಡತಿಯ ಕಂಪನಿ ಹೆತ್ತ ತಾಯಿಗೆ 26 ವಾರ ಕೊಡುತ್ತದೆ. ಗಂಡನ ಕಂಪನಿ ಹೆಂಡತಿಯ ಹೆರಿಗೆಗೆಂದು 5 ದಿನ ಕೊಡುತ್ತದೆ. ದತ್ತು ಪಡೆದವರ ಬಗ್ಗೆ ಎರಡರಲ್ಲೂ ಒಂದು ಸಾಲೂ ಇಲ್ಲ.

ಇಂಥ ಕಡೆ ಮೊದಲ ಉತ್ತರ ಬರುವುದು ಬಾಯಿಮಾತಿನಲ್ಲಿ. ‘ಮೇಡಂ, ನಮ್ಮ ಪಾಲಿಸಿಯಾಗ ಹೆರಿಗಿ ಅಂತ ಐತ್ರಿ, ದತ್ತಕ ಅಂತ ಎಲ್ಲೂ ಇಲ್ಲ. ಡಿ.ಸಿ. ಆರ್ಡರ್ ಬರಲಿ, ಆಮ್ಯಾಲ ನೋಡೋಣಂತ.’ ಹೇಳಿದವರಲ್ಲಿ ಕೆಡುಕಿನ ಉದ್ದೇಶ ಇರಬೇಕೆಂದೇನಿಲ್ಲ. ಆದರೆ ಈ ಉತ್ತರದಲ್ಲಿ ಎರಡು ತಪ್ಪುಗಳಿವೆ. ಪಾಲಿಸಿಯಲ್ಲಿ ಇಲ್ಲದ್ದರಿಂದ ಹಕ್ಕೂ ಇಲ್ಲ ಎಂದುಕೊಂಡದ್ದು ಒಂದು. ರಜೆಗೆ ಜಿಲ್ಲಾಧಿಕಾರಿಯ ಆದೇಶದ ತನಕ ಕಾಯಬೇಕು ಎಂದುಕೊಂಡದ್ದು ಇನ್ನೊಂದು. ಎರಡನೆಯದೇ ಹೆಚ್ಚು ಅಪಾಯದ್ದು, ಏಕೆಂದರೆ ಆ ಆದೇಶ ಬರುವ ಹೊತ್ತಿಗೆ ಮಗು ಮನೆಗೆ ಬಂದು ಎಷ್ಟೋ ವಾರಗಳಾಗಿರುತ್ತವೆ.

ಮಗು ಬರುವ ದಾರಿ, ದಿನಾಂಕಗಳ ಲೆಕ್ಕ

ಬಸುರಿಗೆ ದಿನ ತುಂಬುವ ತಿಂಗಳು ಮೊದಲೇ ಗೊತ್ತಿರುತ್ತದೆ. ಕಚೇರಿಯವರೂ ಬದಲಿ ವ್ಯವಸ್ಥೆ ಮಾಡಿಕೊಳ್ಳುತ್ತಾರೆ. ದತ್ತು ಹಾಗಲ್ಲ. ನೋಂದಣಿ, ದಾಖಲೆಗಳು, ಮನೆಗೆ ಬಂದು ಮಾಡುವ ಅಧ್ಯಯನ ವರದಿ ಇವೆಲ್ಲ ಮುಗಿದ ಮೇಲೆ ವರ್ಷಗಟ್ಟಲೆ ಸದ್ದೇ ಇರುವುದಿಲ್ಲ. ಆಮೇಲೆ ಒಂದು ದಿನ ಪೋರ್ಟಲ್‌ನಲ್ಲಿ ಮಗುವಿನ ವಿವರ ಬರುತ್ತದೆ. 2022ರ ದತ್ತು ನಿಯಮಾವಳಿಯ ಪ್ರಕಾರ ದಂಪತಿ 48 ಗಂಟೆಗಳೊಳಗೆ ಒಪ್ಪಿಗೆ ಸೂಚಿಸಿ ಮಗುವನ್ನು ಕಾಯ್ದಿರಿಸಬೇಕು. ಕಾಯ್ದಿರಿಸಿದ ದಿನದಿಂದ 30 ದಿನಗಳೊಳಗೆ ದತ್ತು ಕೇಂದ್ರಕ್ಕೆ ಹೋಗಿ ಮಗುವನ್ನು ನೋಡಿ, ಅಧ್ಯಯನ ವರದಿ ಮತ್ತು ವೈದ್ಯಕೀಯ ವರದಿಗೆ ಸಹಿ ಹಾಕುವ ಪ್ರಕ್ರಿಯೆ ಮುಗಿಯಬೇಕು. ಸಹಿಯಾದ 10 ದಿನಗಳೊಳಗೆ ಮಗುವನ್ನು ‘ದತ್ತುಪೂರ್ವ ಪೋಷಣೆ’ಯ ಹೆಸರಿನಲ್ಲಿ ದಂಪತಿಯ ಕೈಗೆ ಒಪ್ಪಿಸುತ್ತಾರೆ. ಆ ದಿನ ದಂಪತಿ ಒಂದು ಮುಚ್ಚಳಿಕೆಗೆ ಸಹಿ ಹಾಕುತ್ತಾರೆ. ರಜೆಯ ಮಟ್ಟಿಗೆ ಇಡೀ ಕಡತದಲ್ಲಿ ಅತಿ ಮುಖ್ಯವಾದ ಹಾಳೆ ಇದೇ.

ಇಷ್ಟಾದ ಮೇಲೆ ದತ್ತು ಕೇಂದ್ರವು ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಮೂಲಕ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ, ಅಂದರೆ ಜಿಲ್ಲಾಧಿಕಾರಿಗೆ, ಅರ್ಜಿ ಹಾಕುತ್ತದೆ. 2022ರ ಸೆಪ್ಟೆಂಬರ್ 1ಕ್ಕೆ ಮೊದಲು ಈ ಆದೇಶ ನ್ಯಾಯಾಲಯದಿಂದ ಬರುತ್ತಿತ್ತು. ಈಗ ಜಿಲ್ಲಾಧಿಕಾರಿಯೇ ಕೊಡುತ್ತಾರೆ, ಅದಕ್ಕೆ ಎರಡು ತಿಂಗಳ ಅವಧಿ ನಿಗದಿಯಾಗಿದೆ. ಮಗು ಬೇರೆ ಜಿಲ್ಲೆಯ ಅಥವಾ ಬೇರೆ ರಾಜ್ಯದ ಕೇಂದ್ರದಿಂದಲೂ ಬರಬಹುದು. ಆಗ ಆದೇಶ ಸಾಮಾನ್ಯವಾಗಿ ಆ ಕೇಂದ್ರವಿರುವ ಜಿಲ್ಲೆಯಿಂದ ಬರುತ್ತದೆ, ಹಾವೇರಿಯ ದೇವಗಿರಿಯಲ್ಲಿರುವ ಜಿಲ್ಲಾಡಳಿತ ಭವನದಿಂದಲೇ ಬರಬೇಕೆಂದಿಲ್ಲ. ಇದನ್ನು ಕಚೇರಿಯವರಿಗೆ ಮೊದಲೇ ಹೇಳಿಡುವುದು ಒಳ್ಳೆಯದು. ಬೇರೆ ಜಿಲ್ಲೆಯ ಮೊಹರು ನೋಡಿ ಅನುಮಾನ ಪಡುವವರಿದ್ದಾರೆ.

ನಮ್ಮ ದಂಪತಿಗೆ ಫೆಬ್ರುವರಿ 5ರಂದು ಏಳು ತಿಂಗಳ ಹೆಣ್ಣುಮಗುವಿನ ವಿವರ ಬಂತು ಎಂದುಕೊಳ್ಳಿ. ಮರುದಿನ ಕಾಯ್ದಿರಿಸಿದರು. 16ರಂದು ಕೇಂದ್ರಕ್ಕೆ ಹೋಗಿ ನೋಡಿ ಸಹಿ ಹಾಕಿದರು. 24ರಂದು ಮಗು ಕೈಗೆ ಬಂತು. ಜಿಲ್ಲಾಧಿಕಾರಿಯ ಆದೇಶ ಬಂದದ್ದು ಏಪ್ರಿಲ್ ಕೊನೆಗೆ. ಮೊದಲ ಸುದ್ದಿಯಿಂದ ಮಗು ಕೈಗೆ ಬರುವವರೆಗೆ ಇವರಿಗೆ ಸಿಕ್ಕಿದ್ದು ಮೂರು ವಾರಕ್ಕಿಂತ ಕಡಿಮೆ. ಅದೂ ಫೆಬ್ರುವರಿಯಲ್ಲಿ. ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಚೀಲಗಳು ಲಾರಿಗಟ್ಟಲೆ ಬಂದಿಳಿದು, ಶೀತಲಗೃಹಗಳು ತುಂಬುವ ಕಾಲ ಅದು. ಗಂಡನಿಗೆ ಒಂದು ದಿನದ ರಜೆ ಕೇಳುವುದೂ ಕಷ್ಟ.

ಆದ್ದರಿಂದ ಅರ್ಜಿ ಒಂದಲ್ಲ, ಎರಡು ಬೇಕು. ಮನೆ ಅಧ್ಯಯನ ವರದಿ ಒಪ್ಪಿಗೆಯಾದ ಕೂಡಲೇ ಮೊದಲನೆಯದು. ಅದರಲ್ಲಿ ರಜೆಯ ದಿನಾಂಕ ಇರುವುದಿಲ್ಲ. ‘ನಾವು ದತ್ತು ಪಡೆಯಲು ನೋಂದಾಯಿಸಿದ್ದೇವೆ, ಮಗುವಿನ ಸೂಚನೆ ಬಂದ ಮೇಲೆ ಕೆಲವೇ ವಾರಗಳಲ್ಲಿ ಮಗು ಬರುತ್ತದೆ, ಆಗ ರಜೆ ಬೇಕಾಗುತ್ತದೆ, ನಿಯಮಪುಸ್ತಕದಲ್ಲಿ ಈ ಬಗ್ಗೆ ಪ್ರಸ್ತಾಪವಿಲ್ಲದ್ದರಿಂದ ನಿಮ್ಮ ನಿಲುವನ್ನು ಬರಹದಲ್ಲಿ ತಿಳಿಸಿ’ ಎಂದಷ್ಟೇ ಇದ್ದರೆ ಸಾಕು. ಇದರಿಂದ ಆಡಳಿತ ಮಂಡಳಿಗೆ ತಿಂಗಳುಗಟ್ಟಲೆ ಸಮಯ ಸಿಗುತ್ತದೆ. ‘ಈಗ ಬಂದು ಕೇಳಿದರೆ ಹೆಂಗ್ರಿ’ ಎಂಬ ಮಾತಿಗೆ ಎಡೆ ಇರುವುದಿಲ್ಲ. ಎರಡನೆಯದು ಮಗುವನ್ನು ಕಾಯ್ದಿರಿಸಿದ ದಿನವೇ ಹೋಗಬೇಕು.

ಕಾನೂನು ಕೊಡುವುದು ಎಷ್ಟು

1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾದಾಗ ದತ್ತು ತಾಯಿಗೆ ಮೊದಲ ಬಾರಿ ಅದರಲ್ಲಿ ಜಾಗ ಸಿಕ್ಕಿತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ ಅದೇ ಮಾತನ್ನು 60(4)ನೇ ಕಲಮಿನಲ್ಲಿ ಇಟ್ಟುಕೊಂಡಿದೆ. ಕಾನೂನುಬದ್ಧವಾಗಿ ದತ್ತು ಪಡೆದ ಮಹಿಳೆಗೆ, ಮಗು ಅವಳ ಕೈಗೆ ಬಂದ ದಿನದಿಂದ 12 ವಾರಗಳ ಸೌಲಭ್ಯ. ಅಚ್ಚಾದ ಪಠ್ಯದಲ್ಲಿ ಜೊತೆಗೊಂದು ಷರತ್ತಿದೆ: ಮಗು ಮೂರು ತಿಂಗಳಿಗಿಂತ ಚಿಕ್ಕದಿರಬೇಕು. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಅಂಗಡಿ, ಸಂಸ್ಥೆಗಳಿಗೂ ಕಾರ್ಖಾನೆಗಳಿಗೂ ಇದು ಅನ್ವಯಿಸುತ್ತದೆ. ಹಿಂದಿನ ಹನ್ನೆರಡು ತಿಂಗಳಲ್ಲಿ ಕನಿಷ್ಠ 80 ದಿನ ಕೆಲಸ ಮಾಡಿರಬೇಕು. ಕಂಪನಿಯ ಪಾಲಿಸಿ ಕಾನೂನಿಗಿಂತ ಹೆಚ್ಚು ಕೊಡಬಹುದು, ಕಡಿಮೆ ಕೊಡುವಂತಿಲ್ಲ. ಪಾಲಿಸಿಯಲ್ಲಿ ‘ಹೆತ್ತವರಿಗೆ ಮಾತ್ರ’ ಎಂದು ಬರೆದುಕೊಂಡರೂ ಈ 12 ವಾರ ಅಳಿಸಿಹೋಗುವುದಿಲ್ಲ.

ಈಗ ಆ ಮೂರು ತಿಂಗಳ ಷರತ್ತನ್ನು ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ಹೆಚ್ಚಿನ ಅರ್ಜಿಗಳು ಮುಗ್ಗರಿಸುವುದು ಇಲ್ಲಿ. ಹೆತ್ತವರು ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಗೆ ಒಪ್ಪಿಸಿದರೆ, ಮನಸ್ಸು ಬದಲಾಯಿಸಲು ಅವರಿಗೆ ಎರಡು ತಿಂಗಳ ಕಾಲಾವಕಾಶವಿದೆ. ಅದು ಮುಗಿಯುವ ತನಕ ಮಗುವನ್ನು ‘ದತ್ತಿಗೆ ಕಾನೂನುರೀತ್ಯ ಮುಕ್ತ’ ಎಂದು ಘೋಷಿಸುವಂತಿಲ್ಲ. ಬಿಟ್ಟುಹೋದ ಮಗುವಾದರೆ ಹೆತ್ತವರನ್ನು ಹುಡುಕುವ ಕೆಲಸ ನಡೆಯಬೇಕು. ಎರಡು ವರ್ಷದೊಳಗಿನ ಮಗುವಿಗೆ ಅದಕ್ಕೂ ಎರಡು ತಿಂಗಳ ಅವಧಿ. ಹುಟ್ಟಿದ ಎರಡನೇ ದಿನವೇ ಒಪ್ಪಿಸಿದ ಮಗುವನ್ನು ತೆಗೆದುಕೊಳ್ಳಿ. ಅರವತ್ತು ದಿನ ಅಲ್ಲೇ ಕಳೆಯುತ್ತದೆ. ಕಾಯ್ದಿರಿಸಿ ಸಹಿ ಹಾಕಲು ನಿಯಮವೇ ಕೊಡುವ 30 ದಿನ, ಒಪ್ಪಿಸಲು ಕೊಡುವ 10 ದಿನ ಸೇರಿಸಿದರೆ ನೂರು ದಾಟಿತು. ನಡುವಿನ ಕಾಗದಪತ್ರದ ದಿನಗಳನ್ನು ನಾನು ಲೆಕ್ಕಕ್ಕೇ ಹಿಡಿದಿಲ್ಲ. ಅಚ್ಚಾದ ಷರತ್ತನ್ನೇ ಹಿಡಿದರೆ, ಒಂದು ಕಾನೂನು ಮಗುವಿನ ರಕ್ಷಣೆಗೆಂದು ಹಾಕಿದ ಕಾಲಮಿತಿಯೇ ಇನ್ನೊಂದು ಕಾನೂನಿನ ರಜೆಯನ್ನು ಕೈತಪ್ಪಿಸುತ್ತದೆ. ಸರಿಯಾದ ದಾರಿಯಲ್ಲಿ ಹೋದ ತಾಯಿಗೇ ಇಲ್ಲಿ ಶಿಕ್ಷೆಯಾಗುತ್ತದೆ. ಇದು ಅನ್ಯಾಯ ಎಂದು ನನ್ನ ಖಚಿತ ಅಭಿಪ್ರಾಯ.

ಇದನ್ನೇ ಹಂಸಾನಂದಿನಿ ನಂದೂರಿ ಎಂಬ ದತ್ತು ತಾಯಿ 2021ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದರು. 2024ರ ನವೆಂಬರ್‌ನಲ್ಲಿ ನ್ಯಾಯಾಲಯ ಈ ಮೂರು ತಿಂಗಳ ಮಿತಿಗೆ ತರ್ಕವೇನೆಂದು ಕೇಂದ್ರ ಸರ್ಕಾರವನ್ನು ಕೇಳಿತು. ಅರ್ಜಿ ಬರೆಯುವ ವಾರದಲ್ಲಿ ನೀವು ಮಾಡಬೇಕಾದ ಮೊದಲ ಕೆಲಸ ಇದು: sci.gov.in ತೆರೆದು, ಅರ್ಜಿದಾರರ ಹೆಸರಿನಿಂದ ಈ ಪ್ರಕರಣ ಹುಡುಕಿ, ಅದರ ತೀರಾ ಇತ್ತೀಚಿನ ಆದೇಶದ ಪ್ರತಿ ಇಳಿಸಿಕೊಂಡು ಅರ್ಜಿಗೆ ಲಗತ್ತಿಸಿ. ಮಿತಿಯನ್ನು ಹೇಗೆ ಓದಬೇಕೆಂದು ಅದರಲ್ಲಿ ಹೇಳಿದೆಯೋ ಆ ದಿನದ ಮಟ್ಟಿಗೆ ಅದೇ ಕಾನೂನು. ಎಚ್.ಆರ್. ಮೇಜಿನ ಮೇಲಿರುವ ಹಳೆಯ ಪುಸ್ತಕದ ಸಾಲಲ್ಲ. ನಮ್ಮ ಮಾದರಿ ದಂಪತಿಯ ಮಗುವಿಗೆ ಏಳು ತಿಂಗಳು. ಆದ್ದರಿಂದ ಅವರ ಅರ್ಜಿ ಈ ಪ್ರತಿ ಇಲ್ಲದೆ ಹೋಗಲೇಬಾರದು.

ಅರ್ಜಿಗೆ ಎರಡನೇ ಆಧಾರವೂ ಇದೆ. ಬಾಲ ನ್ಯಾಯ ಕಾಯ್ದೆಯ 63ನೇ ಕಲಮಿನ ಪ್ರಕಾರ, ದತ್ತು ಆದೇಶವಾದ ಮಗು ದತ್ತು ತಂದೆತಾಯಿಗೇ ಹುಟ್ಟಿದ ಮಗುವಿನಂತೆ ಎಲ್ಲ ಉದ್ದೇಶಗಳಿಗೂ ಅವರ ಮಗುವಾಗುತ್ತದೆ. ಪಾಲಿಸಿಯಲ್ಲಿ ‘ನೌಕರರಿಗೆ ಮಗುವಾದಾಗ’ ಎಂಬಂಥ ಮಾತಿದ್ದರೆ ಈ ಕಲಮು ನೇರವಾಗಿ ನೆರವಿಗೆ ಬರುತ್ತದೆ. ಕಂಪನಿ ಹೆತ್ತವರಿಗೆ ಕೊಡುವ 26 ವಾರವನ್ನೇ ಕೇಳಬೇಕೆಂದಿದ್ದರೆ ಈ ನೆಲೆಯಲ್ಲಿ ಕೇಳಬಹುದು. ಆದರೆ 12 ವಾರಕ್ಕಿಂತ ಮೇಲಿನದು ಕಂಪನಿಯ ಒಳ್ಳೆಯ ಮನಸ್ಸಿಗೆ ಬಿಟ್ಟದ್ದೆಂದು ತಿಳಿದೇ ಕೇಳಬೇಕು. ಎರಡನ್ನೂ ಒಂದೇ ವಾಕ್ಯದಲ್ಲಿ ಬೆರೆಸಿದರೆ ಹಕ್ಕಿನ ಭಾಗವೂ ಬೇಡಿಕೆಯಂತೆ ಕಾಣುತ್ತದೆ.

ಮೂರನೆಯದು ನಿಮ್ಮ ನಿಯಮಪುಸ್ತಕದ ಕೊನೆಯ ಪುಟಗಳಲ್ಲೇ ಇರಬಹುದು. ರಾಯಪುರದ ಐ.ಐ.ಎಂ.ನ ಉದ್ಯೋಗಿಯೊಬ್ಬರು ಎರಡು ದಿನದ ಕೂಸನ್ನು ದತ್ತು ಪಡೆದು 180 ದಿನದ ರಜೆ ಕೇಳಿದಾಗ, ಸಂಸ್ಥೆಯ ಎಚ್.ಆರ್. ಪಾಲಿಸಿಯಲ್ಲಿ ಅಂಥ ರಜೆ ಇಲ್ಲವೆಂಬ ಉತ್ತರ ಬಂತು. ಕೊನೆಗೆ 84 ದಿನ ಮಂಜೂರಾಯಿತು. 2025ರಲ್ಲಿ ಛತ್ತೀಸಗಡ ಹೈಕೋರ್ಟ್ ಉಳಿದ ದಿನಗಳನ್ನೂ ಕೊಡಿಸಿತು. ಹೆತ್ತ ತಾಯಿ, ದತ್ತು ತಾಯಿ, ಬಾಡಿಗೆ ತಾಯ್ತನದಿಂದ ಮಗು ಪಡೆದ ತಾಯಿ ಎಂಬ ಭೇದ ರಜೆಯಲ್ಲಿ ಸಲ್ಲದು ಎಂದಿತು. ಅವರಿಗೆ ನೆರವಾದದ್ದು, ತನ್ನ ಪಾಲಿಸಿ ಮೌನವಾಗಿರುವ ಕಡೆ ಕೇಂದ್ರ ಸರ್ಕಾರದ ನಿಯಮ ಅನ್ವಯಿಸುತ್ತದೆ ಎಂದು ಸಂಸ್ಥೆಯೇ ಬರೆದುಕೊಂಡಿದ್ದ ಮಾತು. ಕೇಂದ್ರದ ರಜೆ ನಿಯಮಗಳಲ್ಲಿ ಒಂದು ವರ್ಷದೊಳಗಿನ ಮಗುವನ್ನು ದತ್ತು ಪಡೆದ, ಬದುಕಿರುವ ಎರಡಕ್ಕಿಂತ ಕಡಿಮೆ ಮಕ್ಕಳಿರುವ ಮಹಿಳಾ ನೌಕರರಿಗೆ 180 ದಿನ, ತಂದೆಗೆ 15 ದಿನ ಇದೆ. ಖಾಸಗಿ ಕಂಪನಿಗೆ ಇದು ಕಟ್ಟುಪಾಡಲ್ಲ. ಆದರೂ ಅನುದಾನಿತ ಶಾಲೆ, ಸಹಕಾರಿ ಬ್ಯಾಂಕು, ಟ್ರಸ್ಟಿನ ಆಸ್ಪತ್ರೆ ಇಂಥ ಕಡೆ ಕೆಲಸ ಮಾಡುವವರು ‘ಇಲ್ಲಿ ಹೇಳದ ವಿಷಯಗಳಿಗೆ ಸರ್ಕಾರಿ ನಿಯಮ ಅನ್ವಯ’ ಎಂಬ ಸಾಲು ತಮ್ಮ ಸೇವಾ ನಿಯಮಗಳಲ್ಲಿದೆಯೇ ಎಂದು ಹುಡುಕಬೇಕು. ಬಹಳ ಸಲ ಅದು ಯಾರೂ ಓದದ ಕೊನೆಯ ಕಲಮಾಗಿರುತ್ತದೆ.

ಸಂಬಳ ಕೊಡುವವರು ಯಾರು

ಸಂಬಳದ ಚೀಟಿಯಲ್ಲಿ ಇ.ಎಸ್.ಐ. ಕಡಿತ ಇದೆಯೇ ಎಂದು ನೋಡಿ. ಇದ್ದರೆ, ಅಂದರೆ ತಿಂಗಳ ವೇತನ 21,000 ರೂಪಾಯಿಯೊಳಗಿದ್ದರೆ, ರಜೆಯ ಹಣ ಬರುವುದು ಇ.ಎಸ್.ಐ. ನಿಗಮದಿಂದ. ಕಂಪನಿಯ ಜೇಬಿನಿಂದಲ್ಲ. ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ ಒಟ್ಟು 70 ದಿನಗಳ ವಂತಿಗೆ ಕಟ್ಟಿರಬೇಕು. ಸರಾಸರಿ ದಿನಗೂಲಿಯ ಪೂರ್ತಿ ಮೊತ್ತ ಸಿಗುತ್ತದೆ. ದತ್ತು ತಾಯಿಗೆ ಅಲ್ಲಿಯ ನಿಯಮದಲ್ಲೂ 12 ವಾರ, ಬರೆದಿರುವುದೂ ಅದೇ ಮೂರು ತಿಂಗಳು. ಸಣ್ಣ ಮಾಲೀಕರು ರಜೆ ನಿರಾಕರಿಸುವುದು ಹೆಚ್ಚಾಗಿ ‘ಮೂರು ತಿಂಗಳು ಕುಂತಲ್ಲೇ ಪಗಾರ ಎಲ್ಲಿಂದ ಕೊಡೋದು’ ಎಂಬ ಹೆದರಿಕೆಯಿಂದ. ಅಂಥವರಿಗೆ ಇ.ಎಸ್.ಐ. ವಿಷಯ ತಿಳಿಸಿದರೆ ಎಷ್ಟೋ ಜಗಳ ಅಲ್ಲಿಗೇ ತಣ್ಣಗಾಗುತ್ತದೆ.

ನಮ್ಮ ಪ್ರಸಂಗದ ಹೆಂಡತಿಯ ಸಂಬಳ 28,000. ಇ.ಎಸ್.ಐ. ಇಲ್ಲ, ಹಾಗಾಗಿ ಕೊಡಬೇಕಾದ್ದು ಕಂಪನಿ. ಮಗು ಕೈಗೆ ಬಂದ ಫೆಬ್ರುವರಿ 24ರಿಂದ ಎಣಿಸಿದರೆ 84ನೇ ದಿನ ಮೇ 18. ಇಲ್ಲಿ ಒಂದು ಎಚ್ಚರ. 12 ವಾರ ಎಂದರೆ ಭಾನುವಾರಗಳೂ ಸೇರಿ 84 ದಿನ, ಆ ಎಲ್ಲ ದಿನಗಳಿಗೂ ಹಣ ಬರಬೇಕು. ಹೆರಿಗೆ ಸೌಲಭ್ಯದ ಲೆಕ್ಕದಲ್ಲಿ ವಾರದ ರಜೆಯನ್ನೂ ಸೇರಿಸಬೇಕೆಂದು ಸುಪ್ರೀಂ ಕೋರ್ಟ್ 1977ರಲ್ಲೇ ಹೇಳಿದೆ. ದಿನಗೂಲಿಯ ಲೆಕ್ಕದಲ್ಲಿ ಸಂಬಳ ಪಡೆಯುವ ಮಹಿಳೆಯರಿಗೆ ಭಾನುವಾರ ಕಳೆದು 72 ದಿನಕ್ಕಷ್ಟೇ ಹಣ ಕೊಡುವ ಪದ್ಧತಿಯಿದ್ದರೆ ಅದು ತಪ್ಪು.

ಇನ್ನೂ ಒಂದು ತಪ್ಪು ಲೆಕ್ಕವಿದೆ. ರಜೆಯನ್ನು ಮಗು ಹುಟ್ಟಿದ ದಿನದಿಂದ ಎಣಿಸಿ, ‘ಕೂಸಿಗೆ ಆಗಲೇ ಏಳು ತಿಂಗಳು, ಇನ್ನೇನು ರಜೆ’ ಎನ್ನುವುದು. ಕಾನೂನು ಹೇಳುವುದು ಕೈಗೆ ಬಂದ ದಿನ. ಅದಕ್ಕೆ ಕಾರಣವೂ ಸರಳ. ಏಳು ತಿಂಗಳ ಮಗು ಆಗಲೇ ಒಂದು ಜಾಗದ ಮುಖ, ದನಿ, ವಾಸನೆಗೆ ಹೊಂದಿಕೊಂಡಿರುತ್ತದೆ. ಅದನ್ನೆಲ್ಲ ಒಂದೇ ದಿನದಲ್ಲಿ ಕಳೆದುಕೊಂಡು ಹೊಸ ಮನೆಗೆ ಬಂದಾಗ ರಾತ್ರಿ ನಿದ್ದೆ ಮಾಡದೆ ಅಳುವುದು, ಬಾಟಲಿ ಒಲ್ಲೆನ್ನುವುದು, ಎತ್ತಿಕೊಂಡರೆ ಮೈ ಬಿಗಿ ಮಾಡುವುದು ಸಾಮಾನ್ಯ. ಮೊದಲ ವಾರಗಳಲ್ಲಿ ದಿನವಿಡೀ ಒಬ್ಬರೇ ಜೊತೆಗಿದ್ದರೆ ಮಗು ಅವರನ್ನು ಗುರುತು ಹಿಡಿಯುತ್ತದೆ. ಬೆಳಿಗ್ಗೆ ಅಜ್ಜಿ, ಮಧ್ಯಾಹ್ನ ಪಕ್ಕದ ಮನೆಯವರು, ಸಂಜೆ ಅವ್ವ ಎಂದಾದರೆ ಅದಕ್ಕೆ ಯಾರೆಂದು ತಿಳಿಯಬೇಕು? ಎದುರಿಗೆ ಕುಳಿತ ಎಚ್.ಆರ್.ಗೆ ಇದನ್ನು ಎರಡು ಮಾತಿನಲ್ಲಿ ಹೇಳಿದರೆ ಕಲಮಿನ ಸಂಖ್ಯೆಗಿಂತ ಬೇಗ ತಲುಪುತ್ತದೆ.

ಎರಡನೇ ಅರ್ಜಿ, ಲಗತ್ತಿಸುವ ಕಾಗದ

ಅರ್ಜಿ ಒಂದು ಪುಟ ಮೀರಬಾರದು. ಹೆಂಡತಿಯ ಅರ್ಜಿ ಹೀಗಿರಬಹುದು:

‘ಮಾನ್ಯರೇ, ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರದ ಮೂಲಕ ನಾವು ಒಂದು ಹೆಣ್ಣುಮಗುವನ್ನು ದತ್ತು ಪಡೆಯುತ್ತಿದ್ದೇವೆ. ದಿನಾಂಕ 6 ಫೆಬ್ರುವರಿಯಂದು ಮಗುವನ್ನು ನಮಗೆ ಕಾಯ್ದಿರಿಸಲಾಗಿದೆ. ಮಗುವನ್ನು ಒಪ್ಪಿಸುವ ದಿನಾಂಕ ನಿಗದಿಯಾದ ಕೂಡಲೇ ತಿಳಿಸುತ್ತೇನೆ. ಸಾಮಾಜಿಕ ಭದ್ರತಾ ಸಂಹಿತೆಯ ಕಲಂ 60(4) ಮತ್ತು ಲಗತ್ತಿಸಿರುವ ಸುಪ್ರೀಂ ಕೋರ್ಟ್ ಆದೇಶದ ಆಧಾರದ ಮೇಲೆ, ಮಗು ನನ್ನ ಕೈಗೆ ಬಂದ ದಿನದಿಂದ 12 ವಾರಗಳ ವೇತನಸಹಿತ ರಜೆ ಮಂಜೂರು ಮಾಡಲು ಕೋರುತ್ತೇನೆ. ದತ್ತುಪೂರ್ವ ಪೋಷಣೆಯ ಮುಚ್ಚಳಿಕೆಯ ಪ್ರತಿಯನ್ನು ಆ ದಿನವೇ ಸಲ್ಲಿಸುತ್ತೇನೆ. ಜಿಲ್ಲಾ ಮ್ಯಾಜಿಸ್ಟ್ರೇಟರ ದತ್ತು ಆದೇಶ ನಂತರ ಬರಲಿದ್ದು, ಕೈಸೇರಿದ ಏಳು ದಿನಗಳೊಳಗೆ ಸಲ್ಲಿಸುತ್ತೇನೆ. ಪ್ರತ್ಯೇಕವಾಗಿ, ಸಂಸ್ಥೆಯು ಹೆತ್ತ ತಾಯಂದಿರಿಗೆ ಕೊಡುವ ಉಳಿದ 14 ವಾರಗಳನ್ನೂ ನನಗೆ ವಿಸ್ತರಿಸಲು ಪರಿಗಣಿಸಬೇಕೆಂದು, ಅದು ಸಾಧ್ಯವಾಗದಿದ್ದಲ್ಲಿ ನನ್ನ ಖಾತೆಯಲ್ಲಿರುವ ಗಳಿಕೆ ರಜೆಯನ್ನು ಇದರ ಮುಂದುವರಿಕೆಯಾಗಿ ಮಂಜೂರು ಮಾಡಬೇಕೆಂದು ವಿನಂತಿಸುತ್ತೇನೆ.’

ಇಲ್ಲಿ ಹಕ್ಕಿನ ಮಾತು, ವಿನಂತಿಯ ಮಾತು ಬೇರೆಬೇರೆಯಾಗಿ ನಿಂತಿರುವುದನ್ನು ಗಮನಿಸಿ. ‘ಆದೇಶ ನಂತರ’ ಎಂಬ ವಾಕ್ಯ ಬಹಳ ಮುಖ್ಯ. ಕಾನೂನಿನಲ್ಲಿ ‘ಕಾನೂನುಬದ್ಧವಾಗಿ ದತ್ತು ಪಡೆದ’ ಎಂಬ ಮಾತೂ ಇದೆ, ‘ಕೈಗೆ ಬಂದ ದಿನದಿಂದ’ ಎಂಬ ಮಾತೂ ಇದೆ. ಮೊದಲನೆಯದನ್ನು ಹಿಡಿದು ಆದೇಶಕ್ಕೆ ಕಾಯಿಸಿದರೆ ಎರಡನೆಯದಕ್ಕೆ ಅರ್ಥ ಉಳಿಯುವುದಿಲ್ಲ. ನಮ್ಮ ಪ್ರಸಂಗದಲ್ಲಿ ಏಪ್ರಿಲ್ ಕೊನೆಯವರೆಗೆ ಕಾಯಬೇಕಾಗಿದ್ದರೆ 84 ದಿನಗಳಲ್ಲಿ ಅರವತ್ತಕ್ಕೂ ಹೆಚ್ಚು ದಿನ ಸಂಬಳವಿಲ್ಲದೆ ಕಳೆದಿರುತ್ತಿದ್ದವು. ಮುಚ್ಚಳಿಕೆಯ ಮೇಲೆ ರಜೆ ಆರಂಭಿಸಿ, ಆದೇಶ ಬಂದಾಗ ಅದನ್ನು ಕಡತಕ್ಕೆ ಸೇರಿಸುವುದು ಇಬ್ಬರಿಗೂ ಸುರಕ್ಷಿತ. ಕಚೇರಿಯವರು ಹಿಂಜರಿದರೆ, ಆದೇಶ ಬಾರದಿದ್ದಲ್ಲಿ ಈ ದಿನಗಳನ್ನು ಬೇರೆ ರಜೆಗೆ ಹೊಂದಿಸಿಕೊಳ್ಳಲು ಒಪ್ಪಿಗೆಯಿದೆ ಎಂದು ಒಂದು ಸಾಲು ಬರೆದುಕೊಡಿ.

ಏನನ್ನು ಕೊಡಬಾರದು ಎಂಬುದೂ ಅಷ್ಟೇ ಮುಖ್ಯ. ಎಚ್.ಆರ್. ತನ್ನ ಹಳೆಯ ನಮೂನೆಯಂತೆ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ಜನನ ಪ್ರಮಾಣಪತ್ರ ಕೇಳಬಹುದು. ಆ ಜಾಗದಲ್ಲಿ ಮುಚ್ಚಳಿಕೆಯ ಪ್ರತಿ ಸಾಕು. ಮಗುವಿನ ಅಧ್ಯಯನ ವರದಿ, ವೈದ್ಯಕೀಯ ವರದಿ, ಮಕ್ಕಳ ಕಲ್ಯಾಣ ಸಮಿತಿಯ ಆದೇಶ ಇವನ್ನು ಯಾವ ಕಚೇರಿಗೂ ಕೊಡಬೇಡಿ. ಮಗು ಎಲ್ಲಿ ಸಿಕ್ಕಿತು, ಯಾರು ಒಪ್ಪಿಸಿದರು ಎಂಬ ವಿವರ ಅವುಗಳಲ್ಲಿರುತ್ತದೆ, ಅದು ಗೋಪ್ಯ. ರಾಣೆಬೆನ್ನೂರಿನಂಥ ಊರಿನಲ್ಲಿ ಕಚೇರಿಯ ಕಡತದಲ್ಲಿದ್ದ ಮಾತು ಸಂತೆ ಮುಟ್ಟಲು ಎರಡು ದಿನ ಸಾಕು. ಮುಂದೆ ಆ ಮಗು ಅದೇ ಊರಿನ ಶಾಲೆಗೆ ಹೋಗಬೇಕು.

ಎಲ್ಲ ಪತ್ರಗಳನ್ನೂ ಕೈಯಲ್ಲಿ ಕೊಟ್ಟು ನಕಲಿನ ಮೇಲೆ ಸ್ವೀಕೃತಿ ಸಹಿ ಪಡೆಯಿರಿ, ಜೊತೆಗೆ ಇಮೇಲ್ ಕಳಿಸಿ. ಬಾಯಿಮಾತಿನಲ್ಲಿ ಸಿಕ್ಕ ಒಪ್ಪಿಗೆ ಮೇಲಧಿಕಾರಿ ಬದಲಾದ ದಿನ ಮಾಯವಾಗುತ್ತದೆ. ಸಂಬಳದ ಚೀಟಿಯಲ್ಲಿ ‘ವೇತನರಹಿತ ಗೈರು’ ಎಂದು ನಮೂದಾಗಿದ್ದರೆ ಮೊದಲ ತಿಂಗಳಲ್ಲೇ ಬರೆದು ಆಕ್ಷೇಪಿಸಿ.

ತಂದೆಯ ರಜೆ

ಇಲ್ಲಿ ನೇರವಾಗಿ ಹೇಳಬೇಕು. ಖಾಸಗಿ ಕಂಪನಿಯಲ್ಲಿರುವ ತಂದೆಗೆ, ಹೆತ್ತ ತಂದೆಯೇ ಆಗಲಿ ದತ್ತು ತಂದೆಯೇ ಆಗಲಿ, ರಜೆ ಕೊಡಲೇಬೇಕೆಂಬ ಕಾನೂನು ಈ ಸಂಹಿತೆಯಲ್ಲಿಲ್ಲ. ಇ.ಎಸ್.ಐ.ಯಲ್ಲೂ ಇಲ್ಲ. ಹಾಗಾಗಿ ಬ್ಯಾಡಗಿಯ ಗಂಡನ ಅರ್ಜಿ ಸಮಾನತೆಯ ಮೇಲೆ ನಿಲ್ಲಬೇಕು. ಹೆಂಡತಿಯ ಹೆರಿಗೆಗೆ ಕೊಡುವ 5 ದಿನವನ್ನು ಮಗು ಮನೆಗೆ ಬಂದ ದಿನದಿಂದ ತನಗೂ ಕೊಡಿ ಎನ್ನಬೇಕು. ಕೇಂದ್ರ ಸರ್ಕಾರಿ ನೌಕರರಿಗೆ ದತ್ತಿಗೂ 15 ದಿನ ಇರುವುದನ್ನು ಮಾದರಿಯಾಗಿ ತೋರಿಸಬೇಕು.

ದಿನಗಳ ಹಂಚಿಕೆಯಲ್ಲಿ ಸ್ವಲ್ಪ ಜಾಣತನ ಬೇಕು. ದತ್ತು ಕೇಂದ್ರಕ್ಕೆ ಇಬ್ಬರೂ ಹೋಗಲೇಬೇಕಾದ ದಿನಗಳು ಎರಡು: ಮಗುವನ್ನು ನೋಡಿ ಸಹಿ ಹಾಕುವ ದಿನ, ಮಗುವನ್ನು ಕರೆತರುವ ದಿನ. ಇವುಗಳಿಗೆ ಸಾಂದರ್ಭಿಕ ರಜೆ ಬಳಸಿ, 5 ದಿನವನ್ನು ಮಗು ಮನೆಗೆ ಬಂದ ಮೇಲಿನ ವಾರಕ್ಕೆ ಉಳಿಸಿಕೊಳ್ಳಬೇಕು. ಸುಗ್ಗಿಯ ಹೊತ್ತಿನಲ್ಲಿ ಒಟ್ಟಿಗೆ ಹತ್ತು ದಿನ ಕೇಳಿದರೆ ಇಲ್ಲವೆನ್ನುವ ಮಾಲೀಕರು, ಬ್ಯಾಡಗಿ ಪೇಟೆಯಲ್ಲಿ ಟೆಂಡರ್ ನಡೆಯುವ ಸೋಮವಾರ, ಗುರುವಾರ ಬಂದು ಉಳಿದ ದಿನ ಬಿಡುವು ಪಡೆಯುತ್ತೇನೆ ಎಂದರೆ ಒಪ್ಪುವ ಸಾಧ್ಯತೆ ಹೆಚ್ಚು.

ಬಾಂಡ್ ಪೇಪರ್ ದತ್ತು ನಡೆಯುವುದಿಲ್ಲ

ನಮ್ಮ ಕಡೆ ಅಣ್ಣನ ಮಗುವನ್ನೋ ತಂಗಿಯ ಮಗುವನ್ನೋ ದತ್ತಕ ತೆಗೆದುಕೊಳ್ಳುವುದು ಹಳೆಯ ರೂಢಿ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯಡಿ ಅದು ಈಗಲೂ ಕಾನೂನುಬದ್ಧ. ಮಗುವನ್ನು ಕೊಟ್ಟು ತೆಗೆದುಕೊಂಡ ಕ್ರಿಯೆ ನಿಜವಾಗಿ ನಡೆದಿರಬೇಕು. ದತ್ತಕ ಪತ್ರವನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿದ್ದರೆ ದತ್ತು ಸರಿಯಾಗಿಯೇ ನಡೆದಿದೆ ಎಂದು ನ್ಯಾಯಾಲಯ ಭಾವಿಸುತ್ತದೆ. ಹೀಗೆ ಬಂದ ಮಗು ಮೂರು ತಿಂಗಳಿಗಿಂತ ಚಿಕ್ಕದಿರುವ ಸಾಧ್ಯತೆಯೂ ಹೆಚ್ಚು, ಆಗ ಅಚ್ಚಾದ ಕಾನೂನಿನ ಪ್ರಕಾರವೇ 12 ವಾರ ಸಿಗುತ್ತದೆ. ಪತ್ರದಲ್ಲಿ ಮಗುವನ್ನು ಒಪ್ಪಿಸಿದ ದಿನಾಂಕ ಸ್ಪಷ್ಟವಾಗಿರಲಿ. ನೋಂದಣಿ ತಿಂಗಳ ನಂತರ ಆದರೂ ರಜೆಯ ಲೆಕ್ಕಕ್ಕೆ ಬರುವುದು ಆ ದಿನಾಂಕ.

ಆದರೆ ನೋಟರಿಯ ಮುಂದೆ ನೂರು ರೂಪಾಯಿ ಬಾಂಡ್ ಪೇಪರ್ ಮೇಲೆ ಬರೆಸಿಕೊಂಡು, ಯಾವುದೋ ಆಸ್ಪತ್ರೆಯಿಂದಲೋ ಮಧ್ಯವರ್ತಿಯಿಂದಲೋ ತಂದ ಮಗು ದತ್ತು ಮಗುವಲ್ಲ. ಅನಾಥ ಅಥವಾ ಬಿಟ್ಟುಹೋದ ಮಗುವನ್ನು ಹೀಗೆ ಪಡೆಯುವುದು ಬಾಲ ನ್ಯಾಯ ಕಾಯ್ದೆಯ 80ನೇ ಕಲಮಿನಡಿ ಅಪರಾಧ. ರಜೆಯ ಅರ್ಜಿ ಕೊಟ್ಟ ಕಡೆಯಿಂದಲೇ ಅದು ಬಯಲಿಗೆ ಬಂದೀತು. ಅಂಥ ಮಗು ಕಣ್ಣಿಗೆ ಬಿದ್ದರೆ 1098ಕ್ಕೆ ಕರೆ ಮಾಡಬೇಕು.

ಕೊಡುವುದಿಲ್ಲ ಎಂದರೆ

ಮೊದಲು ನಿರಾಕರಣೆಯನ್ನು ಬರಹದಲ್ಲಿ ಕೇಳಿ. ಬರೆಯಲು ಕುಳಿತಾಗ ಕಾನೂನು ಓದುವ ಅಧಿಕಾರಿಗಳೇ ಹೆಚ್ಚು, ಎಷ್ಟೋ ಸಲ ನಿಲುವು ಅಲ್ಲೇ ಬದಲಾಗುತ್ತದೆ. ಬರೆದುಕೊಟ್ಟರೆ, ಅಥವಾ ಹದಿನೈದು ದಿನ ಉತ್ತರವೇ ಬಾರದಿದ್ದರೆ, ಸ್ವೀಕೃತಿ ಸಹಿಯ ನಕಲುಗಳೊಂದಿಗೆ ಕಾರ್ಮಿಕ ಇಲಾಖೆಗೆ ದೂರು ಕೊಡಿ. ತಾಲ್ಲೂಕಿನಲ್ಲಿ ಕಾರ್ಮಿಕ ನಿರೀಕ್ಷಕರ ಕಚೇರಿ, ಹಾವೇರಿಯಲ್ಲಿ ಜಿಲ್ಲಾ ಕಾರ್ಮಿಕ ಅಧಿಕಾರಿಯ ಕಚೇರಿ. ಇ.ಎಸ್.ಐ. ಇದ್ದವರ ಹಣದ ತಕರಾರು ಮಾತ್ರ ನಿಗಮದ ಶಾಖಾ ಕಚೇರಿಗೆ ಹೋಗಬೇಕು. ವಕೀಲರು ಬೇಕಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. ಮಹಿಳೆಯರಿಗೆ ಆದಾಯ ಎಷ್ಟಿದ್ದರೂ ಅಲ್ಲಿಯ ನೆರವು ಉಚಿತ, ಸಹಾಯವಾಣಿ 15100. ಹತ್ತು ಜನಕ್ಕಿಂತ ಕಡಿಮೆ ಇರುವ ಅಂಗಡಿಯಲ್ಲಿ ಕೆಲಸ ಮಾಡುವವರಿಗೆ ಈ ಕಾನೂನು ತಲುಪುವುದಿಲ್ಲ, ಅಲ್ಲಿ ಮಾಲೀಕರೊಡನೆ ಮಾತಾಡಿಯೇ ಬಗೆಹರಿಸಿಕೊಳ್ಳಬೇಕು.

ದೂರು ಕೊಡುವ ಮುನ್ನ ಕಂಪನಿಗೆ ಒಂದು ಸಣ್ಣ ಸಲಹೆ ಕೊಟ್ಟು ನೋಡಬಹುದು. ನಿಯಮಪುಸ್ತಕದ ಹೆರಿಗೆ ರಜೆಯ ಅಡಿಯಲ್ಲಿ, ‘ದತ್ತು ಪಡೆದ ತಾಯಿಗೆ ಮಗು ಕೈಗೆ ಬಂದ ದಿನದಿಂದ 12 ವಾರ, ತಂದೆಗೆ ಹೆರಿಗೆಯ ಸಂದರ್ಭದಷ್ಟೇ ದಿನ’ ಎಂದು ಸೇರಿಸಿದರೆ ಮುಗಿಯಿತು.

ಕೆಲಸಕ್ಕೆ ಮರಳುವ ಮೊದಲು ಹೆಂಡತಿ ಇನ್ನೊಂದು ವಿಷಯ ಕೇಳಬೇಕು. ಅರವತ್ತು ಜನರ ಕಂಪನಿ ಅದು. ಐವತ್ತು ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರದ ವ್ಯವಸ್ಥೆ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿಬರಲು ಬಿಡಬೇಕು. ಮೇ 19ರ ಬೆಳಿಗ್ಗೆ ಮಗು ಎಲ್ಲಿರುತ್ತದೆ ಎಂಬ ಪ್ರಶ್ನೆಯನ್ನು ಏಪ್ರಿಲ್‌ನಲ್ಲೇ ಎತ್ತಬೇಕು. ಜಿಲ್ಲಾಧಿಕಾರಿಯ ಆದೇಶ ಕೈಸೇರಿದ ವಾರದಲ್ಲೇ ಅದರ ಪ್ರತಿಯನ್ನು ಎರಡೂ ಕಚೇರಿಗಳಿಗೆ ಕೊಟ್ಟು, ಗಂಡನ ಇ.ಎಸ್.ಐ. ಕಾರ್ಡಿನಲ್ಲಿ ಮಗುವಿನ ಹೆಸರು ಅವಲಂಬಿತಳಾಗಿ ಸೇರಿಸಬೇಕು, ಇಬ್ಬರ ಭವಿಷ್ಯನಿಧಿ ಖಾತೆಗಳ ನಾಮನಿರ್ದೇಶನವನ್ನೂ ಬದಲಾಯಿಸಬೇಕು.